ಕಾಗದ ಕೊಂಡವರು ಯಾರು

ಕಲಾವತಿಯವರು ಯಾವ ಕಾಗದವನ್ನೂ ಮೇಲಿನಿಂದ ಓದುವುದಿಲ್ಲ. ಕೊನೆಯ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾರೆ. ಮೊದಲ ಸಲ ನೋಡಿದಾಗ, ಇವರಿಗೆ ಓದಲು ಬರುವುದಿಲ್ಲವೇನೋ ಎಂದುಕೊಂಡೆ. ನನಗೆ ಸರಿಯಾಗಿ ಬರುವುದಿಲ್ಲ, ಅದಕ್ಕೇ ಹಾಗೆ ಅನ್ನಿಸಿತು. ನಾನು ಓದಿದ್ದು ನಾಲ್ಕನೇ ಕ್ಲಾಸು, ಚಾಮರಾಜನಗರದ ಕಡೆ. ಕನ್ನಡವನ್ನು ನಿಧಾನವಾಗಿ ಓದುತ್ತೇನೆ. ಇಂಗ್ಲಿಷು ಬಾರದು. ಅಂಕಿ ಬರುತ್ತದೆ.

ಅವರ ಪರಿಚಯವಾದದ್ದು ಒಂದು ಬಾಂಡಿನಿಂದ. ಅದನ್ನೇ ಮೊದಲು ಹೇಳಬೇಕು.

ನನ್ನ ಗಂಡ ನಂಜುಂಡ ಮದ್ರಾಸಿನ ಎಗ್ಮೋರ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದರು. ಹೋದ ಫೆಬ್ರವರಿ ಒಂಬತ್ತರಂದು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಏಳಲಿಲ್ಲ. ನಮಗೆ ಮಕ್ಕಳಿಲ್ಲ. ಮನೆ ವ್ಯಾಸರ್‌ಪಾಡಿಯಲ್ಲಿ. ನಾನು ಇಡ್ಲಿ ಹಿಟ್ಟು ರುಬ್ಬಿ ಮಾರುತ್ತೇನೆ.

ದೊಡ್ಡ ಮಳೆಯ ವರ್ಷ ನಮ್ಮ ಮನೆಯೊಳಗೆ ಸೊಂಟದವರೆಗೆ ನೀರು ಬಂತು. ನೀರು ಇಳಿದ ಮೇಲೆ ನೋಡಿದರೆ ಟ್ರಂಕಿನಲ್ಲಿದ್ದ ಸೀರೆಗಳೆಲ್ಲ ಕೆಸರು. ಟ್ರಂಕಿನ ಮೇಲೆ ಅಟ್ಟದಲ್ಲಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮದುವೆ ಫೋಟೋಗಳಿದ್ದವು. ಅವು ಮಾತ್ರ ಉಳಿದಿದ್ದವು. ನಂಜುಂಡ ಅವತ್ತೇ ತೀರ್ಮಾನ ಮಾಡಿದರು. "ಇನ್ನೊಂದ್ ಸಲ ನೀರು ಬಂದ್ರೆ ಇವೂ ಉಳಿಯಲ್ಲ ಕಣೆ" ಎಂದು ಸೌಕಾರ್‌ಪೇಟೆಯ ಬ್ಯಾಂಕಿನಲ್ಲಿ ಒಂದು ಲಾಕರ್ ತೆಗೆದುಕೊಂಡು ಫೋಟೋಗಳನ್ನು ಅದರಲ್ಲಿಟ್ಟರು. ನಮ್ಮ ಅವ್ವನ ಬೆಳ್ಳಿ ಕಡಗವನ್ನೂ ಇಟ್ಟರು. ಲಾಕರಿನಲ್ಲಿ ಫೋಟೋ ಇಡುತ್ತಾರೆಯೇ ಎಂದು ಅಕ್ಕಪಕ್ಕದವರು ನಕ್ಕರು. ನಂಜುಂಡ ತಲೆ ಕೆಡಿಸಿಕೊಳ್ಳಲಿಲ್ಲ.

ತಪ್ಪು ಆದದ್ದು ಅಲ್ಲಿ. ಲಾಕರನ್ನು ತಮ್ಮ ಒಬ್ಬರ ಹೆಸರಿನಲ್ಲಿ ಮಾಡಿಸಿದರು. ನಾಮಿನಿ ಎಂದು ಯಾರ ಹೆಸರನ್ನೂ ಕೊಡಲಿಲ್ಲ.

ಅವರು ಹೋದ ಮೇಲೆ ಗೋಡೆಗೆ ಹಾಕಲು ಫೋಟೋ ಬೇಕಾಯಿತು. ಇದ್ದದ್ದು ಆಧಾರ್ ಕಾರ್ಡಿನದು ಒಂದೇ. ಅದನ್ನೇ ದೊಡ್ಡದು ಮಾಡಿಸಿದೆ. ಅದರಲ್ಲಿ ಅವರು ಯಾರೋ ಕಳ್ಳನ ಹಾಗೆ ಕಾಣುತ್ತಾರೆ. ನಾಲ್ಕು ತಿಂಗಳಿನಿಂದ ಆ ಮುಖವನ್ನೇ ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ನಿಜವಾದ ಮುಖ ಮರೆಯತೊಡಗಿತು. ಅದಕ್ಕೇ ನನಗೆ ಲಾಕರ್ ಬೇಕಾಗಿತ್ತು.

ಬ್ಯಾಂಕಿನಲ್ಲಿ ಶಾಲಿನಿ ಎಂಬ ಆಫೀಸರಮ್ಮ. ಒಳ್ಳೆಯವರೇ. ಮರಣ ಪತ್ರ, ತಾಲ್ಲೂಕು ಆಫೀಸಿನ ವಾರಸುದಾರರ ಸರ್ಟಿಫಿಕೇಟು ಎಲ್ಲ ನೋಡಿದರು. ಕೊನೆಗೆ ಇಂಡೆಮ್ನಿಟಿ ಬಾಂಡ್ ಬೇಕು ಎಂದರು. ಹಾಗೆಂದರೇನು ಎಂದು ಕೇಳಿದೆ. ನಾಳೆ ಬೇರೆ ಯಾರಾದರೂ ಬಂದು ಈ ಲಾಕರಿನ ಸಾಮಾನು ನಮ್ಮದು ಎಂದರೆ, ಬ್ಯಾಂಕಿಗೆ ಆಗುವ ನಷ್ಟವನ್ನು ನಾನು ತುಂಬಿಕೊಡುತ್ತೇನೆ ಎಂದು ಛಾಪಾ ಕಾಗದದ ಮೇಲೆ ಬರೆದುಕೊಡಬೇಕು. ಇಬ್ಬರು ಜಾಮೀನುದಾರರು ಬ್ಯಾಂಕಿಗೆ ಬಂದು ಅವರ ಎದುರಿಗೇ ಸಹಿ ಮಾಡಬೇಕು. ಬ್ಯಾಂಕಿನ ನಮೂನೆಯಲ್ಲಿ ಏನಿದೆಯೋ ಅದನ್ನು ಟೈಪು ಮಾಡಿಸಬೇಕು. ನಮೂನೆಯಲ್ಲಿ ಖಾಲಿ ಬಿಟ್ಟ ಜಾಗಗಳನ್ನು ಪೆನ್ನಿನಲ್ಲಿ ತುಂಬಬೇಕು.

ನಂಜುಂಡರ ಫೋಟೋ ನಂಜುಂಡರ ಹೆಂಡತಿಗೆ ಕೊಟ್ಟರೆ ಯಾರಿಗೆ ನಷ್ಟ ಎಂದು ನಾನು ಕೇಳಿದೆ.

ಶಾಲಿನಿ ಮೇಡಂ ಎರಡು ಕೈ ಎತ್ತಿ ತೋರಿಸಿದರು. "ರೂಲ್ಸ್ ಮಾ" ಎಂದರು.

ಮೊದಲನೇ ಸಲ ಬ್ಯಾಂಕಿನ ಬೀದಿಯಲ್ಲೇ ಒಬ್ಬನ ಹತ್ತಿರ ಬರೆಸಿದೆ. ಲಾಕರ್ ನಂಬರ್ ಏನು ಎಂದು ಅವನು ಕೇಳಿದ. ನಾನು ಬೀಗದ ಕೈ ಕೊಟ್ಟೆ. ಅದರ ಮೇಲೆ ಕೊರೆದ ನಂಬರನ್ನು ಅವನು ಮೊದಲ ಪುಟದ ಖಾಲಿ ಜಾಗದಲ್ಲಿ ಬರೆದ. ಆದರೆ ಬೀಗದ ಕೈಯ ನಂಬರೇ ಬೇರೆ, ಲಾಕರಿನ ನಂಬರೇ ಬೇರೆ. ಕೊನೆಯ ಪುಟದಲ್ಲಿ ಟೈಪು ಮಾಡಿದ್ದು ಬ್ಯಾಂಕಿನ ಪತ್ರ ನೋಡಿ, ಅಲ್ಲಿ ಸರಿಯಾಗಿತ್ತು. ಕೈಬರಹ ಒಂದು ಹೇಳುತ್ತಿದೆ, ಟೈಪು ಇನ್ನೊಂದು ಹೇಳುತ್ತಿದೆ ಎಂದು ಶಾಲಿನಿ ಮೇಡಂ ವಾಪಸ್ಸು ಕೊಟ್ಟರು. ಅವನ ಹತ್ತಿರ ಹೋದರೆ ಅದೇ ನಂಬರಿನ ಮೇಲೆ ತಿದ್ದಿ ದಪ್ಪಗೆ ಬರೆದುಕೊಟ್ಟ. ಅದನ್ನೂ ವಾಪಸ್ಸು ಕೊಟ್ಟರು. ನಂಬರಿನ ಮೇಲೆ ನಂಬರು ಬರೆದಿದ್ದನ್ನು ತೆಗೆದುಕೊಳ್ಳುವುದಿಲ್ಲವಂತೆ.

ಎರಡು ಸಲವೂ ಜಾಮೀನುದಾರರು ಬಂದು ಕಾದು ಹೋದರು. ಒಬ್ಬರು ಎದುರು ಮನೆಯ ಸುರೇಶ್. ಇನ್ನೊಬ್ಬರು ಉಪೇಂದ್ರಣ್ಣ, ನಂಜುಂಡರ ಜೊತೆ ಕೆಲಸ ಮಾಡಿದವರು. ಅವರಿಗೆ ರಿಟೈರ್ ಆಗಿತ್ತು. ಕ್ವಾರ್ಟರ್ಸ್ ಖಾಲಿ ಮಾಡಿ ಗುಂತಕಲ್ಲಿಗೆ ಹೊರಟಿದ್ದರು.

"ತಂಗೀ, ಶುಕ್ರವಾರ ಸಾಯಂಕಾಲ ನನ್ನ ಗಾಡಿ. ಶುಕ್ರವಾರ ಎರಡೂವರೆಗೆ ಬ್ಯಾಂಕಿಗೆ ಬರ್ತೀನಿ. ಅದೇ ಕೊನೆ. ಆಮೇಲೆ ನೀನು ಗುಂತಕಲ್ಲಿಗೇ ಬಾಂಡ್ ತಗೊಂಡು ಬರಬೇಕಾಗುತ್ತೆ" ಎಂದರು.

ಬೇರೆ ಜಾಮೀನುದಾರರು ನನಗೆ ಸಿಗುವುದಿಲ್ಲ. ಹಿಟ್ಟು ಮಾರುವವಳಿಗೆ ಯಾರು ಸಹಿ ಹಾಕುತ್ತಾರೆ? ನಂಜುಂಡರಿಗಾಗಿ ಹಾಕುವವರು ಇಬ್ಬರೇ ಇದ್ದರು.

ಗುರುವಾರ ಎಗ್ಮೋರ್ ಕೋರ್ಟಿನ ಹತ್ತಿರ ಹೋಗಿ ಹೊಸ ಛಾಪಾ ಕಾಗದ ಕೊಂಡೆ. ಅಲ್ಲೇ ಹರಿದಾಸ್ ಎಂಬವರ ಟೈಪಿಂಗ್ ಅಂಗಡಿ ಇದೆ. ಐವತ್ತು ದಾಟಿದ ಮನುಷ್ಯ, ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಎರಡು ಸಲ ವಾಪಸ್ಸಾದ ನನ್ನ ಬಾಂಡನ್ನು ನೋಡಿ, "ಅಯ್ಯಯ್ಯೋ, ಇದು ಅಡಿಯಲ್ಲಿ ಕೂತಿರೋ ಅಕ್ಕನ ಕೇಸು" ಎಂದರು. ಟೈಪು ಮಾಡಿ ಇಡುತ್ತೇನೆ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ಅಸಲು ಕಾಗದ ತೆಗೆದುಕೊಂಡು ಬನ್ನಿ ಎಂದರು.

ಶುಕ್ರವಾರ ಹೋದೆ. ಅಡಿಯಲ್ಲಿ ಎಂದರೆ ಮಾಳಿಗೆ ಮೆಟ್ಟಿಲಿನ ಅಡಿ. ಅಲ್ಲಿ ಒಂದು ಮೇಜು, ಒಂದು ದೀಪ, ಒಂದು ಮರದ ರೂಲುಕಡ್ಡಿ. ಹಿಂದೆ ಕಲಾವತಿಯವರು. ವಯಸ್ಸು ಅರವತ್ತೇಳು. ಕಿವಿಯಲ್ಲಿ ಓಲೆ, ಕೈಯಲ್ಲಿ ಗಡಿಯಾರ, ಅದರ ಮುಖ ಮಣಿಕಟ್ಟಿನ ಒಳಗಡೆ. ಅವರ ತಂದೆ ಹುಬ್ಬಳ್ಳಿಯಿಂದ ರೈಲ್ವೆ ಕೆಲಸಕ್ಕೆ ಇಲ್ಲಿಗೆ ಬಂದವರು. ಮಗಳು ಇಲ್ಲೇ ಹುಟ್ಟಿದರೂ ಮಾತು ಹುಬ್ಬಳ್ಳಿಯದೇ. ತಿರುವೊಟ್ಟಿಯೂರಿನಲ್ಲಿ ಒಬ್ಬರೇ ಇರುತ್ತಾರೆ. ಮದುವೆಯಾಗಲಿಲ್ಲ. ದಿನಾ ಮೆಟ್ರೋದಲ್ಲಿ ಬರುತ್ತಾರೆ.

"ಕುಂದರ್ರಿ. ಅಸಲು ಕಾಗದ ತೆಗೀರಿ. ಬಾಯಿಲೆ ಹೇಳಬ್ಯಾಡ್ರಿ, ಕಾಗದ ಕೊಡ್ರಿ" ಎಂದರು.

ಮೊದಲು ಖಾಲಿ ಜಾಗಗಳನ್ನು ತುಂಬಿದರು. ನಾನು ಎಣಿಸಿದೆ. ಇಪ್ಪತ್ತಮೂರು ಇದ್ದವು. ಕಪ್ಪು ಪೆನ್ನು, ಒಂದೇ ಕೈ. ಬರೆದ ಮೇಲೆ ಜಾಗ ಉಳಿದರೆ ಅಲ್ಲಿ ಸಣ್ಣ ಗೆರೆ ಎಳೆಯುತ್ತಿದ್ದರು.

"ಆ ಗೆರೆ ಯಾಕಕ್ಕ?"

"ಆಮ್ಯಾಲೆ ಯಾರರ ಇನ್ನೊಂದು ಅಂಕಿ ಸೇರಸಬಾರದಲ್ರೀ."

ಒಂದು ಕಡೆ 'ಅವನು, ಅವಳು, ಅವರು' ಎಂಬ ಅರ್ಥದ ಮೂರು ಇಂಗ್ಲಿಷ್ ಮಾತುಗಳಿದ್ದವಂತೆ. ಎರಡನ್ನು ಹೊಡೆದುಹಾಕಿ ಒಂದನ್ನು ಬಿಟ್ಟರು. ಹಾಗೆ ಹೊಡೆಯದೆ ಬಿಟ್ಟರೂ ಬಾಂಡ್ ವಾಪಸ್ಸು ಬರುತ್ತದೆ ಎಂದರು.

ನನ್ನ ವಯಸ್ಸು ಕೇಳಿದರು.

"ಐವತ್ತೆರಡೋ ಐವತ್ಮೂರೋ. ಸರಿಯಾಗಿ ನಂಗೂ ಗೊತ್ತಿಲ್ಲ."

"ನಿಮಗ ಗೊತ್ತಿಲ್ಲಂದ್ರೂ ನಡೀತದ್ರಿ. ಕಾಗದಕ್ಕ ಗೊತ್ತಿರಬೇಕು." ಆಧಾರ್ ನೋಡಿ ಲೆಕ್ಕ ಹಾಕಿ ಐವತ್ನಾಲ್ಕು ಎಂದು ಬರೆದರು. ಹೀಗೆ ಒಂದೇ ನಿಮಿಷದಲ್ಲಿ ನನಗೆ ಒಂದೆರಡು ವರ್ಷ ಹೆಚ್ಚಾಯಿತು.

ಆಮೇಲೆ ಹೋಲಿಸುವುದು. ಇದೇ ಅವರ ಕೆಲಸ. ಒಂದು ಹಳೆಯ ಮದುವೆ ಕರೆಯೋಲೆಯ ರಟ್ಟಿನಲ್ಲಿ ಉದ್ದಕ್ಕೆ ಒಂದು ಕಿಂಡಿ ಕತ್ತರಿಸಿಕೊಂಡಿದ್ದಾರೆ. ಅದನ್ನು ಕಾಗದದ ಮೇಲಿಟ್ಟರೆ ಒಂದು ಸಾಲು ಮಾತ್ರ ಕಾಣುತ್ತದೆ. ಕೆಳಗಿನ ಸಾಲಿನಿಂದ ಮೇಲಕ್ಕೆ ರಟ್ಟು ಸರಿಸುತ್ತಾ ಹೋದರು. ನಂಬರು ಬಂದಾಗ ಬಲಗಡೆಯಿಂದ ಎಡಗಡೆಗೆ ಓದಿದರು. ಅಸಲು ಕಾಗದ ನನ್ನ ಕೈಯಲ್ಲಿತ್ತು.

"ಲಾಕರು. ಎಂಟು, ಒಂದು, ಮೂರು."

ನಾನು ಬ್ಯಾಂಕಿನ ಪತ್ರದಲ್ಲಿ ಬೆರಳಿಟ್ಟು ಹಿಂದಿನಿಂದ ನೋಡಿದೆ. "ಎಂಟು, ಒಂದು, ಮೂರು. ಸರಿ."

"ಸರಿ ಅನಬ್ಯಾಡ್ರಿ. ಇದ್ದದ್ದನ್ನ ಓದ್ರಿ ಸಾಕು. ಸರಿ ತಪ್ಪು ನಾ ಹೇಳತೀನಿ."

ಅದೇ ನಂಬರು ಬಾಂಡಿನಲ್ಲಿ ನಾಲ್ಕು ಕಡೆ ಇತ್ತು. ಎರಡು ಟೈಪಿನಲ್ಲಿ, ಎರಡು ಪೆನ್ನಿನಲ್ಲಿ. ನಾಲ್ಕು ಸಲವೂ ಓದಿಸಿದರು. ನಂಜುಂಡರು ತೀರಿಕೊಂಡ ತಾರೀಖು ಮೂರು ಕಡೆ ಇತ್ತು. ಅದನ್ನೂ ಓದಿಸಿದರು. ಎರಡನೇ ಸಲ ಅರ್ಧಕ್ಕೇ ನಿಲ್ಲಿಸಿದೆ. ಅವರು ತಲೆ ಎತ್ತಲಿಲ್ಲ. ರಟ್ಟನ್ನು ಹಾಗೇ ಹಿಡಿದುಕೊಂಡು ಕಾದರು. ನಾನು ಪೂರ್ತಿ ಓದಿದ ಮೇಲೆ ರಟ್ಟು ಸರಿಸಿದರು.

ನನಗೆ ಕುತೂಹಲ ತಡೆಯಲಾಗಲಿಲ್ಲ. "ಹಿಂದಿಂದ ಯಾಕಕ್ಕ ಓದೋದು?"

"ಮುಂದಿಂದ ಓದಿದ್ರ ಬುದ್ಧಿ ತಾನ ಓದಿಬಿಡತೈತಿ. ಕಣ್ಣು ನೋಡೂದ ಇಲ್ಲ. ಮುನ್ನೂರಾ ಅಂತ ಶುರು ಮಾಡಿದ ಕೂಡ್ಲೇ ಹದಿನೆಂಟು ಅಂತ ಬಾಯಿ ಅಂತೈತಿ. ಅಲ್ಲಿ ಎಂಬತ್ತೊಂದು ಇದ್ರೂ."

ಹರಿದಾಸ್ ಕಂಪ್ಯೂಟರಿನ ಹಿಂದಿನಿಂದ ಇಣುಕಿದರು. "ಅಕ್ಕನ ಆ ಮನೆ ಕತೆ ಕೇಳಿ ಮಾ. ಅದು ಗೊತ್ತಾದ್ರೆ ಇದು ಗೊತ್ತಾಗುತ್ತೆ."

"ನೀ ಸುಮ್ಮನ ಟೈಪ್ ಹೊಡಿ" ಎಂದರು ಕಲಾವತಿ. ಆದರೆ ಹೇಳಿದರು. ಹೇಳುವಾಗಲೂ ರಟ್ಟು ಕಾಗದದ ಮೇಲೇ ಇತ್ತು.

ಅವರು ಕೋರ್ಟಿನಲ್ಲಿ ನಕಲು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಇದ್ದವರು. ಒಬ್ಬರು ಅಸಲನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ನಕಲಿನ ಮೇಲೆ ಕಣ್ಣಿಡುವುದು. ಕೊನೆಗೆ ಓದಿದವರು ಒಂದು ಸಹಿ, ಹೋಲಿಸಿದವರು ಒಂದು ಸಹಿ. ಕಲಾವತಿಯವರದು ಹೋಲಿಸುವ ಸಹಿ. ಸೇರಿದ ಮೂರನೇ ವರ್ಷ ಒಂದು ಮನೆ ಬಿಡಿಸುವ ತೀರ್ಪಿನ ನಕಲು ಬಂತು. ಈ ಊರಿನಲ್ಲಿ ಪ್ರತಿ ಮನೆಗೂ ಎರಡು ನಂಬರು, ಹಳೆಯದು ಒಂದು, ಹೊಸದು ಒಂದು. ಅಸಲಿನಲ್ಲಿ ಹೊಸ ನಂಬರ್ ಇಪ್ಪತ್ತೇಳು ಎಂದಿತ್ತು. ನಕಲಿನಲ್ಲಿ ಹಳೇ ನಂಬರ್ ಇಪ್ಪತ್ತೇಳು ಎಂದಾಗಿತ್ತು. ಓದುವವರು ಇಪ್ಪತ್ತೇಳು ಎಂದರು. ಇವರ ಕಣ್ಣಿಗೂ ಇಪ್ಪತ್ತೇಳು ಕಂಡಿತು. ಮಧ್ಯಾಹ್ನದ ಊಟದ ಹೊತ್ತು. ಸಹಿ ಹಾಕಿದರು.

"ಕೋರ್ಟಿನ ಅಮೀನ ಹೋಗಿ ಯಾರದೋ ಮನಿ ಬಾಗಲಾ ತಗಿಸಿ ಸಾಮಾನು ಬೀದಿಗೆ ಹಾಕಿಸಿದ. ಅವರದು ಏನೂ ಸಂಬಂಧ ಇದ್ದಿದ್ದಿಲ್ಲ. ಸಂಜಿಯೊಳಗ ತಪ್ಪು ಗೊತ್ತಾಗಿ ಎಲ್ಲಾ ಒಳಗ ಇಡಿಸಿದ್ರು. ನಾ ಅಲ್ಲಿಗೆ ಹೋಗಿದ್ದೆ. ಕುಕ್ಕರ್ ಬೀದಿಯಾಗಿತ್ತು, ಮುಟ್ಟಿ ನೋಡಿದೆ. ಇನ್ನೂ ಬಿಸಿ ಇತ್ತು."

ಆಮೇಲೆ ಆ ಮನೆಯವರು ಏನಂದರು ಎಂದು ಕೇಳಿದೆ.

"ಏನೂ ಅನಲಿಲ್ಲ. ನಾನು ಯಾರಂತ ಅವರಿಗೆ ಗೊತ್ತಿದ್ದಿದ್ದಿಲ್ಲ. ಪಾತ್ರೆ ಒಳಗ ಇಡಾಕ ಕೈ ಹಚ್ಚಿದೆ. ಅವ್ವಾ ಥ್ಯಾಂಕ್ಸು ಅಂದ್ರು." ಅವರು ಮೂಗು ಒರೆಸಿಕೊಂಡರು. "ಓದ್ರಿ ಮುಂದಿಂದು. ಉಪೇಂದ್ರ ಅವರ ಮನಿ ವಿಳಾಸ."

ಹನ್ನೊಂದೂಮುಕ್ಕಾಲಿಗೆ ಮೊದಲ ಪುಟಕ್ಕೆ ಬಂದೆವು. ಎಲ್ಲ ಕೂಡಿತು. ಹರಿದಾಸ್ ಕೈ ತಟ್ಟಿ, "ಮುಡಿಞ್ಚು ಪೋಚು!" ಎಂದರು, ಮುಗಿಯಿತು ಎಂದು. ನಾನು ಕಾಗದಗಳನ್ನು ಚೀಲಕ್ಕೆ ಹಾಕಲು ಕೈ ಚಾಚಿದೆ.

ಕಲಾವತಿಯವರು ರಟ್ಟನ್ನು ಇನ್ನೂ ಮೇಲಕ್ಕೆ ಸರಿಸಿದರು. ಟೈಪಾದ ಸಾಲುಗಳೆಲ್ಲ ಮುಗಿದು ಅಚ್ಚಿನ ಮುದ್ರೆ ಇರುವ ಜಾಗಕ್ಕೆ. ಅದರ ಕೆಳಗೆ ಛಾಪಾ ಕಾಗದ ಮಾರುವವನು ನೀಲಿ ಪೆನ್ನಿನಲ್ಲಿ ಏನೋ ಗೀಚಿದ್ದ. ಬಾಂಡಿನಲ್ಲಿ ಅದೂ ಒಂದು ಕೈಬರಹ ಎಂದು ನನಗೆ ಹೊಳೆದೇ ಇರಲಿಲ್ಲ.

"ಈ ಕಾಗದ ಕೊಂಡವರು ಯಾರು?"

"ನಾನೇ. ನಿನ್ನೆ."

"ಯಾರ ಹೆಸರಿನಾಗ?"

"ಅವನು ಹೆಸರು ಕೇಳಿದ. ಹೇಳಿದೆ."

"ಯಾರ ಹೆಸರು ಹೇಳಿದ್ರಿ?"

ನಾನು ಬಾಯಿ ತೆರೆದೆ. ಆಗ ನನಗೆ ಗೊತ್ತಾಯಿತು. ಮೂವತ್ತೊಂದು ವರ್ಷ ಈ ಊರಿನಲ್ಲಿ ಯಾವ ಕಿಟಕಿಯಲ್ಲಿ ಹೆಸರು ಕೇಳಿದರೂ ನಾನು ಹೇಳಿದ್ದು ಒಂದೇ ಹೆಸರು. ರೇಷನ್ನಿಗೆ, ಗ್ಯಾಸಿಗೆ, ಕರೆಂಟಿಗೆ, ಆಸ್ಪತ್ರೆಗೆ. ಹಿಂದೆ ಬಾಂಡ್ ಬರೆದುಕೊಟ್ಟವನು ಕಾಗದವನ್ನು ತಾನೇ ತಂದಿದ್ದ. ಈ ಸಲ ನಾನೇ ಹೋಗಿದ್ದೆ.

"ನಂಜುಂಡ ಅಂದೆ" ಎಂದೆ.

ಕಲಾವತಿಯವರು ರಟ್ಟಿನ ಕಿಂಡಿಯನ್ನು ನನ್ನ ಕಡೆ ತಿರುಗಿಸಿದರು. ಹೆಸರು ನನಗೆ ಓದಲಾಗಲಿಲ್ಲ. ಪಕ್ಕದ ತಾರೀಖು ಓದಲಾಯಿತು. ಜೂನ್ ಹನ್ನೆರಡು.

"ಒಳಗ ಟೈಪಿನಾಗ ಫೆಬ್ರವರಿ ಒಂಬತ್ತಕ್ಕ ತೀರಿಕೊಂಡ್ರು ಅಂತೈತಿ. ಮ್ಯಾಲೆ ಜೂನ್ ಹನ್ನೆರಡಕ್ಕ ಅವರ ಬಂದು ಕಾಗದ ಕೊಂಡಾರ ಅಂತೈತಿ." ಅವರು ನಗಲಿಲ್ಲ. ಬೈಯಲೂ ಇಲ್ಲ.

ಹರಿದಾಸ್ ಎದ್ದು ಬಂದರು. "ಅಕ್ಕಾ, ಪೆರಿಯ ವಿಷಯವಾ ಇದು? ದೊಡ್ಡದೇನಲ್ಲ. ಆ ಹೆಸರಿನ ಮುಂದೆ ಸಣ್ಣದಾಗಿ 'ಇವರ ಹೆಂಡತಿ' ಅಂತ ಸೇರಿಸಿಬಿಟ್ರಾಯ್ತು. ನೀಲಿ ಪೆನ್ನು ನನ್ನ ಹತ್ರಾನೇ ಇದೆ. ಟೈಮು ನೋಡಿ, ಹನ್ನೆರಡು. ಎರಡೂವರೆಗೆ ಇವರು ಸೌಕಾರ್‌ಪೇಟೆಯಲ್ಲಿರಬೇಕು."

ಅವರು ಪೆನ್ನು ತೆಗೆದೇ ಬಿಟ್ಟರು. ಕಲಾವತಿಯವರು ರೂಲುಕಡ್ಡಿಯಿಂದ ಅವರ ಬೆರಳಿನ ಮೇಲೆ ಒಂದು ಕೊಟ್ಟರು. ಮೆಲ್ಲಗಲ್ಲ.

"ಆ, ಅಮ್ಮಾ!"

"ಮಾರಿದವನ ಕೈಬರಹದಾಗ ನೀ ಹೆಂಗ ಬರೀತಿ? ಅವನ ರಿಜಿಸ್ಟರಿನ್ಯಾಗ ಹಂಗ ಐತೇನು? ಒಂದು ಸುಳ್ಳು ಹೊಂದಿಸಾಕ ಹೋದ್ರ ಇನ್ನೊಂದು ಕಡೆ ಹೊಂದೂದಿಲ್ಲ."

"ಬ್ಯಾಂಕಿನವರು ಅಲ್ಲಿ ಎಲ್ಲಿ ನೋಡ್ತಾರೆ?"

"ಎರಡು ಸಲ ವಾಪಸ್ ಕಳಿಸಿದಾಕಿ ಮೂರನೇ ಸಲ ಎಲ್ಲಾನೂ ನೋಡತಾಳ."

ನನಗೆ ಅಳು ಬರಲಿಲ್ಲ. ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. "ಹಾಗಾದ್ರೆ ಎಲ್ಲಾ ಮೊದಲಿಂದಾನಾ? ಇಪ್ಪತ್ಮೂರೂ ಮತ್ತೆ ತುಂಬಬೇಕಾ?" ಎಂದು ಕೇಳಿದೆ.

"ಇಲ್ರಿ. ಛಾಪಾ ಕಾಗದ ಮೊದಲಿನ ಹಾಳಿ ಒಂದ. ಉಳಿದಾವು ಬರೇ ಕಾಗದ. ಯಾರೂ ಇನ್ನೂ ಸಹಿ ಹಾಕಿಲ್ಲ. ಮೊದಲಿನ ಹಾಳಿ ಅಷ್ಟ ಹೊಸದಾಗಿ ಮಾಡೂಣು. ಅದರಾಗ ತುಂಬೂವು ಒಂಬತ್ತು." ಒಂದು ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದರು. "ಇದು ನಿಮ್ಮ ಹೆಸರು. ಇದರಾಗ ಇದ್ದಂಗ ಬರೀ ಅಂತ ಅವಗ ಹೇಳ್ರಿ. ಬರದ ಮ್ಯಾಲೆ ಎರಡೂ ಹೋಲಿಸಿ ನೋಡಿ ತಗೊಂಡು ಬರ್ರಿ."

"ನಂಗೆ ಇಂಗ್ಲಿಷ್ ಬರಲ್ವಲ್ಲಕ್ಕ."

"ಓದಬ್ಯಾಡ್ರಿ. ರಂಗೋಲಿ ನೋಡಿದಂಗ ನೋಡ್ರಿ. ಎಷ್ಟು ಗೆರಿ, ಎಷ್ಟು ಸುತ್ತು. ಓದಾಕ ಬರದವರು ಚಲೋ ಹೋಲಸತಾರ. ಅವರು ಊಹೆ ಮಾಡೂದಿಲ್ಲ."

ನೀವೂ ಬನ್ನಿ ಎಂದೆ. ಆ ಅಂಗಡಿಗೆ ಹತ್ತು ಮೆಟ್ಟಿಲು, ನನ್ನ ಮೊಣಕಾಲು ಹತ್ತುವುದಿಲ್ಲ ಎಂದರು.

ಛಾಪಾ ಕಾಗದದವನು ಟಿಫನ್ ಡಬ್ಬಿ ಬಿಚ್ಚುತ್ತಿದ್ದ. "ನೇತ್ತು ತಾನೇ ವಾಂಗಿನೀಂಗ?" ಎಂದ, ನಿನ್ನೆ ತಾನೇ ಕೊಂಡಿರಲ್ಲ ಎಂದು. ಹೌದು, ಇನ್ನೊಂದು ಬೇಕು ಎಂದೆ. ಡಬ್ಬಿ ಮುಚ್ಚಿ ರಿಜಿಸ್ಟರು ತೆರೆದ.

"ಪೇರು?"

"ಪುಟ್ಟಗೌರಮ್ಮ."

"ಹಸ್ಬೆಂಡ್ ಪೇರು?"

"ನಂಜುಂಡ."

ಅವನು ಪೆನ್ನು ನಿಲ್ಲಿಸಿ ನನ್ನ ಹಣೆ ನೋಡಿದ. "ಇರುಕ್ಕಾರಾ?" ಇದ್ದಾರಾ ಎಂದು.

"ಇಲ್ಲೆ" ಎಂದೆ. ತಮಿಳಿನಲ್ಲಿ ಹೇಳಿದೆ. ಆ ಭಾಷೆಯಲ್ಲಿ ಅದನ್ನು ಹೇಳುವುದು ಸ್ವಲ್ಪ ಸುಲಭ.

ಅವನು ಬರೆದ. ನಾನು ಚೀಟಿಯನ್ನು ಕಾಗದದ ಪಕ್ಕಕ್ಕೆ ಇಟ್ಟು ಬಲಗಡೆಯಿಂದ ನೋಡುತ್ತಾ ಬಂದೆ. ಗೆರೆ, ಸುತ್ತು, ಎರಡು ಬೆಟ್ಟ. ನನ್ನ ಹೆಸರಿನಲ್ಲಿ ಒಂದೇ ಥರದ ಎರಡು ಕೋಲು ಜೋಡಿಯಾಗಿ ನಿಂತಿವೆ ಎಂದು ಅವತ್ತು ಮೊದಲು ನೋಡಿದೆ. ತಾರೀಖು ಜೂನ್ ಹದಿಮೂರು. ಅವನು ಊಟಕ್ಕೆ ಕಾಯುತ್ತಾ ನಿಂತಿದ್ದ. ನಾನು ಅವಸರ ಮಾಡಲಿಲ್ಲ.

ಅಂಗಡಿಗೆ ಬಂದಾಗ ಹನ್ನೆರಡೂವರೆ. ಹರಿದಾಸ್ ಮೊದಲ ಪುಟವನ್ನು ಹೊಸ ಕಾಗದದ ಮೇಲೆ ತೆಗೆದರು. ಕಲಾವತಿಯವರು ಮೊದಲು ನೋಡಿದ್ದು ಅದರ ಕೊನೆಯ ಮಾತನ್ನು. ಆಮೇಲೆ ಎರಡನೇ ಪುಟದ ಮೊದಲ ಮಾತನ್ನು. ಎರಡೂ ಕೂಡಿಕೊಳ್ಳಬೇಕು. ಒಂದು ಸಾಲು ಹೆಚ್ಚು ಕಡಿಮೆ ಆದರೆ, ಹಾಳೆ ಬದಲಾಯಿಸಿದ್ದಾರೆ ಎಂದು ಯಾರಾದರೂ ಹೇಳುತ್ತಾರೆ. ಕೂಡಿತು. ಹರಿದಾಸ್ ಸಹಾಯ ಮಾಡಲು ಖಾಲಿ ಜಾಗ ತುಂಬಲು ಹೊರಟರು. ಅವರ ಕೈಯಲ್ಲಿ ಅದೇ ನೀಲಿ ಪೆನ್ನು. ಕಲಾವತಿಯವರು ರೂಲುಕಡ್ಡಿಯ ಕಡೆ ನೋಡಿದರು. ಹರಿದಾಸ್ ಪೆನ್ನನ್ನು ಜೇಬಿಗೆ ಹಾಕಿಕೊಂಡರು.

ಒಂಬತ್ತನ್ನೂ ಕಲಾವತಿಯವರೇ ಕಪ್ಪು ಪೆನ್ನಿನಲ್ಲಿ ತುಂಬಿದರು. ಆಮೇಲೆ ಜಾಗ ಬದಲಾಯಿಸಿದರು. ಬಾಂಡ್ ನನ್ನ ಎದುರಿಗೆ, ಅಸಲು ಅವರ ಕೈಯಲ್ಲಿ. ರಟ್ಟನ್ನು ನನಗೆ ಕೊಟ್ಟರು.

"ನಾನಾ?"

"ತುಂಬಿದ ಕೈಯ ಕಣ್ಣು ಹೋಲಸಬಾರದು. ತಾ ಬರದಿದ್ದು ತನಗ ಸರಿ ಕಾಣತೈತಿ. ಮೊದಲಿನ ಸಲ ನಿಮಗ ಹೋಲಸೂದು ಗೊತ್ತಿದ್ದಿದ್ದಿಲ್ಲ, ಅಸಲು ಹಿಡಕೊಂಡಿದ್ರಿ, ಈ ಸಲ ಅದಲು ಬದಲು. ಹಿಂಗ ಮಾಡಿದ್ರ ನಂಗ ನೆಮ್ಮದಿ."

ಅವರು ಅಸಲಿನಿಂದ ಅಂಕಿಗಳನ್ನು ಹಿಂದಿನಿಂದ ಓದಿದರು. ನಾನು ಕಿಂಡಿಯಲ್ಲಿ ನೋಡಿ ಇದ್ದದ್ದನ್ನು ಓದಿದೆ. ಸರಿ ಎನ್ನಲಿಲ್ಲ. ಅಕ್ಷರಗಳಿದ್ದ ಕಡೆ ಚೀಟಿ ಇಟ್ಟು ರಂಗೋಲಿ ನೋಡಿದೆ. ಕೊನೆಗೆ ಮುದ್ರೆಯ ಕೆಳಗಿನ ನೀಲಿ ಬರಹವನ್ನೂ ನೋಡಿದೆ.

ಹಳೆಯ ಮೊದಲ ಪುಟದ ಮೇಲೆ ಕಲಾವತಿಯವರು ಅಡ್ಡಲಾಗಿ ಎರಡು ಗೆರೆ ಎಳೆದು, ರದ್ದು ಎಂದು ಬರೆದರು. ಹಾಗೇ ಬಿಟ್ಟರೆ ಯಾರಾದರೂ ಬಳಸಿಕೊಳ್ಳುತ್ತಾರಂತೆ. ಎಳೆಯುವಾಗ ನೀಲಿ ಹೆಸರಿನ ಮೇಲೆ ಗೆರೆ ಹಾಯದಂತೆ ಪಕ್ಕಕ್ಕೆ ತಪ್ಪಿಸಿದರು. ಅದನ್ನು ಮಡಿಸಿ ನನಗೇ ಕೊಟ್ಟರು.

ಎರಡು ಗಂಟೆ ಇಪ್ಪತ್ತಕ್ಕೆ ನಾನು ಬ್ಯಾಂಕಿನಲ್ಲಿದ್ದೆ. ಸುರೇಶ್ ಬಂದಿದ್ದರು. ಉಪೇಂದ್ರಣ್ಣ ಎರಡು ಸೂಟ್‌ಕೇಸ್ ಸಮೇತ ಬಂದಿದ್ದರು. "ತಂಗೀ, ಈ ಸಲಾನೂ ಆಗ್ಲಿಲ್ಲ ಅಂದ್ರೆ ಇವುಗಳನ್ನ ಇದೇ ಲಾಕರಿನಲ್ಲಿಟ್ಟು ಇಲ್ಲೇ ಮಲಗ್ತೀನಿ" ಎಂದರು.

ಶಾಲಿನಿ ಮೇಡಂ ಓದಿದರು. ನಂಬರುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಡುತ್ತಾ ಹೋದರು. ನಾನು ಅವರ ಕಣ್ಣುಗಳನ್ನೇ ನೋಡುತ್ತಿದ್ದೆ. ಅವರು ಮೇಲಿನಿಂದ ಓದುತ್ತಾರೆ. ಕೊನೆಯ ಪುಟ ಮುಗಿಸಿ ಮತ್ತೆ ಮೊದಲ ಪುಟಕ್ಕೆ ಬಂದರು. ಮುದ್ರೆಯ ಕೆಳಗೆ ಬೆರಳಿಟ್ಟರು. ನೀಲಿ ಬರಹ ಓದಿದರು. ತಾರೀಖು ನೋಡಿದರು. ಬೆರಳು ತೆಗೆದರು.

"ಸೈನ್ ಪಣ್ಣುಂಗ" ಎಂದರು.

ಪ್ರತಿ ಪುಟದಲ್ಲೂ ಮೂವರು ಸಹಿ ಮಾಡಿದೆವು. ನಾನು ಕನ್ನಡದಲ್ಲಿ ಮಾಡಿದೆ. ಉಪೇಂದ್ರಣ್ಣ ಸೂಟ್‌ಕೇಸ್ ಎತ್ತಿಕೊಂಡು, "ನಂಜುಂಡನ ಒಂದು ಫೋಟೋ ನಂಗೂ ಕಳಿಸು, ಫೋನಿನಲ್ಲಿ" ಎಂದು ಹೇಳಿ ಹೋದರು.

ಲಾಕರ್ ತೆರೆಯಲು ಮುಂದಿನ ವಾರ ಬುಧವಾರ ಕರೆದರು. ಶಾಲಿನಿ ಮೇಡಂ, ಬ್ಯಾಂಕಿನವರು ಇನ್ನೊಬ್ಬರು, ಇಬ್ಬರು ಸಾಕ್ಷಿಗಳು. ಒಳಗಿದ್ದ ಸಾಮಾನನ್ನೆಲ್ಲ ಒಂದು ಪಟ್ಟಿಯಲ್ಲಿ ಕೈಯಲ್ಲಿ ಬರೆದರು. ಬೆಳ್ಳಿ ಕಡಗ ಎರಡು. ಫೋಟೋ ಆರು. ಕವರಿಗೆ ನೀರು ತಾಗಿರಲಿಲ್ಲ. ಪಟ್ಟಿಯನ್ನು ನನ್ನ ಮುಂದೆ ಇಟ್ಟು ಸಹಿ ಮಾಡಿ ಎಂದರು.

ನಾನು ಕೆಳಗಿನಿಂದ ನೋಡಿದೆ. ಆರು ಎಂಬ ಅಂಕಿಯ ಮೇಲೆ ಬೆರಳಿಟ್ಟೆ. ಇನ್ನೊಂದು ಕೈಯಲ್ಲಿ ಫೋಟೋ ಎಣಿಸಿದೆ. ಒಂದು ದಪ್ಪಗಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಎರಡು ಅಂಟಿಕೊಂಡಿದ್ದವು.

"ಏಳು ಇದೆ ಮೇಡಂ. ಇಲ್ಲಿ ಆರು ಅಂತಿದೆ."

"ಪರವಾಯಿಲ್ಲೆ ಮಾ, ಎಲ್ಲಾಂ ಉಂಗಳದು ತಾನೇ" ಎಂದರು, ಎಲ್ಲ ನಿಮ್ಮದೇ ತಾನೇ ಎಂದು.

"ಬರೆದದ್ದು ಆರು. ಇರೋದು ಏಳು" ಎಂದೆ.

ಶಾಲಿನಿ ಮೇಡಂ ಪಟ್ಟಿ ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದು ಮೊದಲಿನಿಂದ ಬರೆದರು. ತಿದ್ದಲಿಲ್ಲ.

ಏಳನೆಯದು ಮದುವೆಯದಲ್ಲ. ನಾವು ಈ ಊರಿಗೆ ಬಂದ ವರ್ಷದ್ದು. ಎಗ್ಮೋರ್ ಪ್ಲಾಟ್‌ಫಾರಮ್ಮಿನಲ್ಲಿ ನಂಜುಂಡ ಪಾರ್ಸೆಲ್ ಗಾಡಿಯ ಮೇಲೆ ಕೂತಿದ್ದಾರೆ. ಯಾರೋ ಏನೋ ಅಂದಿರಬೇಕು, ನಗು ತಡೆಯುತ್ತಿದ್ದಾರೆ. ಆ ನಗು ನನಗೆ ಮರೆತೇಹೋಗಿತ್ತು. ಮೂಗಿನ ಪಕ್ಕ ಒಂದು ಮಡಿಕೆ ಬೀಳುತ್ತಿತ್ತು. ಅದೂ ಇತ್ತು.

ಮರುದಿನ ಎಗ್ಮೋರಿಗೆ ಹೋಗಿ ಮೆಟ್ಟಿಲಿನ ಅಡಿಯಲ್ಲಿ ಕೂತೆ. ಕಲಾವತಿಯವರು ಯಾರದೋ ಬಾಂಡಿನ ಮಧ್ಯದಲ್ಲಿದ್ದರು. ನಾನು ಫೋಟೋವನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿಸಿದರು.

"ಹಿಂದ ಏನರ ಬರದೈತೇನು?"

"ಏನೂ ಇಲ್ಲ."

"ಹೆಸರು, ತಾರೀಖು?"

"ಇಲ್ಲಕ್ಕ. ಖಾಲಿ."

"ಚಲೋ ಆತು" ಎಂದು ಫೋಟೋ ವಾಪಸ್ಸು ಕೊಟ್ಟರು. "ಹೋಲಸೂದೇನಿಲ್ಲ."

ಹೋಗಲು ಎದ್ದೆ. ಅವರು ರಟ್ಟು ಸರಿಸುತ್ತಲೇ, ಒಬ್ಬರೇ ಓದಿ ಒಬ್ಬರೇ ನೋಡುವುದು ಕಷ್ಟ, ಹಿಟ್ಟಿನ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಿದರು. ಬೆಳಿಗ್ಗೆ ಹತ್ತು ಗಂಟೆಗೆ ಎಂದೆ.

"ಹಂಗಾದ್ರ ಇದರ ಅಸಲು ಹಿಡಕೋರಿ" ಎಂದರು.